ಅವ್ವನ ರಕ್ತ ಪರೀಕ್ಷೆಗೆ ಹೇಳಿದ ಒಟಿಪಿ, ಇನ್ಶೂರೆನ್ಸ್ ಫೋನಿಗೂ ಒಪ್ಪಿಗೆ ಆಗುತ್ತದೆಯೇ?

ಬಸು_ವಿಜಯಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ ಸಕ್ಕರೆ ಕಾಯಿಲೆ ಇದೆ. ಆಗಾಗ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಬೇಕು. ಮೊಣಕಾಲು ನೋವಿನಿಂದ ಲ್ಯಾಬಿನ ಮೆಟ್ಟಿಲು ಹತ್ತುವುದು ಅವಳಿಗೆ ಆಗುವುದಿಲ್ಲ. ಅದಕ್ಕೇ ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವ ಒಂದು ಆ್ಯಪ್‌ನಲ್ಲಿ ಬುಕ್ ಮಾಡಿದೆ. ಹೆಸರು ಬೇಡ ಬಿಡಿ.

ಬೆಳಿಗ್ಗೆ ಹುಡುಗ ಬಂದ. ತನ್ನ ಮೊಬೈಲ್‌ನಲ್ಲೇ ಅವ್ವನ ಹೆಸರು, ವಯಸ್ಸು, ಸಕ್ಕರೆ ಎಷ್ಟು ವರ್ಷದಿಂದ, ಯಾವ ಗುಳಿಗೆ, ಎಲ್ಲ ತುಂಬಿಕೊಂಡ. ರಕ್ತ ತೆಗೆದು ಟ್ಯೂಬಿಗೆ ಬಾರ್‌ಕೋಡ್ ಚೀಟಿ ಅಂಟಿಸಿದ. "ಅಣ್ಣಾ, ಒಟಿಪಿ ಬಂದಿರತ್ತೆ, ಹೇಳ್ರಿ" ಅಂದ. ಹೇಳಿದೆ. ಸಂಜೆ ರಿಪೋರ್ಟ್ ಬಂತು. ಅಲ್ಲಿಯವರೆಗೆ ತಕರಾರಿಲ್ಲ.

ಆಮೇಲೆ ಫೋನ್ ಶುರುವಾದವು. "ಶಿವಗಂಗಾ ದೇವಿ ಮೇಡಂ ಇದ್ದಾರಾ? ಶುಗರ್ ಇರುವವರಿಗೇ ಅಂತ ಒಂದು ಹೆಲ್ತ್ ಪಾಲಿಸಿ ಇದೆ" ಅಂತ. ಇಲ್ಲೇ ನೋಡಿ ಗಮ್ಮತ್ತು. ನಮ್ಮ ಅವ್ವ ಶಿವಗಂಗವ್ವ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಎಲ್ಲ ಕಡೆ ಹಾಗೇ ಇದೆ. "ದೇವಿ" ಅಂತ ಬರೆದುಕೊಂಡದ್ದು ಆ ಹುಡುಗ ಒಬ್ಬನೇ. ರಿಪೋರ್ಟಿನ ಮೇಲೂ ಹಾಗೇ ಬಂದಿದೆ.

ಕಂಪನಿಯ ಕಸ್ಟಮರ್ ಕೇರ್‌ಗೆ ಕೇಳಿದರೆ, "ಸರ್, ಒಟಿಪಿ ಕೊಟ್ಟಾಗಲೇ ನೀವು ಷರತ್ತುಗಳಿಗೆ ಒಪ್ಪಿದ್ದೀರಿ" ಅಂದರು. ಎಸ್ಸೆಮ್ಮೆಸ್ ತೆಗೆದು ನೋಡಿದೆ. ಒಟಿಪಿಯ ಕೆಳಗೆ ಇಂಗ್ಲಿಷ್‌ನಲ್ಲಿ ಒಂದು ಸಾಲು ಇದೆ, ಇದನ್ನು ಹಂಚಿಕೊಂಡರೆ ನಮ್ಮ ಷರತ್ತುಗಳಿಗೆ ಒಪ್ಪಿದಂತೆ ಅಂತ. ಪಕ್ಕದಲ್ಲಿ ಒಂದು ಲಿಂಕ್. ಇದನ್ನು ಒಪ್ಪಿಗೆ ಅನ್ನುತ್ತಾರಾ?

ಕೊಲ್ಹಾರದ_ಮೊಸರು

ಅನ್ನುತ್ತಾರೆ ಅಣ್ಣಾ, ಏನು ಮಾಡೋದು. ಷರತ್ತು ಓದದೆ ಒಪ್ಪಿದರೂ ಒಪ್ಪಿದ ಹಾಗೇ. ಬ್ಯಾಂಕಿನಲ್ಲಿ ಸಾಲದ ಪತ್ರ ಓದದೆ ಸಹಿ ಹಾಕಿ, ಆಮೇಲೆ ನನಗೆ ಗೊತ್ತಿರಲಿಲ್ಲ ಅಂದರೆ ಬಿಡುತ್ತಾರಾ?

ಆದರೆ ಈಗ ಜನರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾಪಾಡಲು ಹೊಸ ಕಾನೂನು ಬಂದಿದೆ, ಡಿಪಿಡಿಪಿ ಕಾಯ್ದೆ 2023. 250 ಕೋಟಿ ದಂಡ ಇದೆ. ಒಂದು ಕೇಸ್ ಜಡಿಯಿರಿ, ಪರಿಹಾರ ನಿಮ್ಮ ಮನೆಗೇ ಬರುತ್ತದೆ.

ಟಿಕೋಟಾ_ತೋಟ

ನನ್ನದೂ ಇದೇ ಗೋಳು. ದ್ರಾಕ್ಷಿ ಔಷಧಿ ಅಂಗಡಿಯಲ್ಲಿ ಬಿಲ್ಲಿಗೆ ನಂಬರ್ ಕೊಟ್ಟೆ. ಈಗ ಬಳ್ಳಿ ಕತ್ತರಿಸುವ ಛಾಟಣಿ ಟೈಮ್ ಬಂತೆಂದರೆ ಸಾಕು, ದಿನಕ್ಕೆ ಹತ್ತಾರು ಫೋನ್. ನನ್ನ ತೋಟ ಎಷ್ಟು ಎಕರೆ ಅನ್ನೋದೂ ಅವರಿಗೆ ಗೊತ್ತು! ಮೊಬೈಲ್‌ನಲ್ಲಿ ಮೈಕ್ ಪರ್ಮಿಷನ್ ಬಂದ್ ಮಾಡಿದರೆ ಎಲ್ಲ ನಿಲ್ಲುತ್ತದೆ ಅಂತ ಮಗ ಹೇಳಿದ. ಬಂದ್ ಮಾಡಿದೆ. ಏನೂ ನಿಲ್ಲಲಿಲ್ಲ.

ಕೋಡರ್_ಬಾಗಲಕೋಟೆ

ಕಾಕಾ, ಮೈಕ್‌ಗೂ ಇದಕ್ಕೂ ಸಂಬಂಧ ಇಲ್ಲ. ಪರ್ಮಿಷನ್ ಅಂದರೆ ಫೋನಿನೊಳಗೆ ಇರುವುದನ್ನು ಆ್ಯಪ್ ಮುಟ್ಟಬಹುದೋ ಇಲ್ಲವೋ ಅನ್ನುವುದಷ್ಟೇ. ಕಾಂಟ್ಯಾಕ್ಟ್, ಫೋಟೋ, ಲೊಕೇಶನ್, ಇಂಥವು. ನೀವೇ ಬಾಯಲ್ಲಿ ಹೇಳಿದ ನಂಬರ್, ಫಾರ್ಮಿನಲ್ಲಿ ತುಂಬಿದ ಎಕರೆ, ಅವು ಫೋನಿನಲ್ಲಿ ಇಲ್ಲ. ಅವರ ಸರ್ವರ್‌ನಲ್ಲಿವೆ. ಅಲ್ಲಿಂದ ಎಲ್ಲಿಗೆ ಹೋಗುತ್ತವೆ ಅನ್ನುವುದನ್ನು ನಿಮ್ಮ ಫೋನಿನ ಸೆಟ್ಟಿಂಗ್ ತಡೆಯಲಾರದು.

ಬಸು ಅಣ್ಣಾ, ನಿಮ್ಮದೂ ಅದೇ ಕಥೆ. ಅವ್ವನ ವಿವರ ಹೋದದ್ದು ಹುಡುಗನ ಮೊಬೈಲ್‌ನಿಂದ. ನಿಮ್ಮ ಫೋನಿನಿಂದ ಹೋದದ್ದು ಬರೀ ಒಟಿಪಿ.

ಸುಮಂಗಲಾ_ಬೆಳಗಾವಿ

ನಾನು ಇದೇ ಕೆಲಸ ಮಾಡುವವಳು. ಕಂಪನಿಗಳಿಗೆ ಪ್ರೈವೆಸಿ ನೋಟಿಸ್ ಬರೆದುಕೊಡುವುದು, ಯಾವ ಮಾಹಿತಿ ಎಲ್ಲಿ ಹೋಗುತ್ತದೆ ಅಂತ ಪಟ್ಟಿ ಮಾಡುವುದು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಮೊದಲು ಮೊಸರಣ್ಣನ ಮಾತು. ಕಾಯ್ದೆ 2023ರದ್ದು ಹೌದು, 250 ಕೋಟಿಯೂ ಹೌದು. ಆದರೆ ಅದು ಗರಿಷ್ಠ ದಂಡ. ಮಾಹಿತಿ ಸೋರದಂತೆ ಭದ್ರತೆ ಇಟ್ಟುಕೊಳ್ಳದ ಕಂಪನಿಗೆ ಹಾಕುವುದು. ದಂಡದ ದುಡ್ಡು ಹೋಗುವುದು ಸರ್ಕಾರದ ಖಜಾನೆಗೆ. ನೊಂದವರಿಗೆ ಪರಿಹಾರ ಕೊಡಿಸುವ ಕಲಮು ಆ ಕಾಯ್ದೆಯಲ್ಲಿ ಇಲ್ಲ. ಇನ್ನೊಂದು ವಿಷಯ, ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ಈ ದೂರುಗಳನ್ನು ವಿಚಾರಿಸುವ ಡೇಟಾ ಸಂರಕ್ಷಣಾ ಮಂಡಳಿಯ ರಚನೆಯ ಭಾಗ ಆಗಲೇ ಜಾರಿಯಾಯಿತು. ನೋಟಿಸ್, ಒಪ್ಪಿಗೆ, ಅಳಿಸುವ ಹಕ್ಕು, ಈ ಮುಖ್ಯ ಭಾಗಕ್ಕೆ 18 ತಿಂಗಳು ಸಮಯ ಕೊಟ್ಟಿದ್ದಾರೆ. ಅಂದರೆ 2027ರ ಮೇ ಮಧ್ಯ.

ಈಗ ಒಟಿಪಿ. ಇದರಲ್ಲಿ ಎರಡು ಕೆಲಸ ಸೇರಿಹೋಗಿವೆ. ಒಟಿಪಿ ಹೇಳಿದಾಗ ಸಾಬೀತಾಗುವುದು ಒಂದೇ ಸಂಗತಿ, ಆ ನಂಬರ್ ಈ ಮನುಷ್ಯನ ಕೈಯಲ್ಲಿದೆ ಅಂತ. ರಕ್ತ ತೆಗೆಯುವ ಹುಡುಗ ಸರಿಯಾದ ಮನೆಗೆ ಬಂದಿದ್ದಾನೆ ಅನ್ನುವುದಕ್ಕೂ ಅದು ಬೇಕು. ಅದೇ ಅಂಕಿಗಳ ಮೇಲೆ "ನಮ್ಮ ಪಾಲುದಾರರಿಗೆ ಮಾಹಿತಿ ಕೊಡಲು ಒಪ್ಪಿಗೆ" ಅನ್ನುವುದನ್ನೂ ಹೇರುತ್ತಾರೆ. ಹೊಸ ಕಾಯ್ದೆ ಕೇಳುವ ಒಪ್ಪಿಗೆ ಹೀಗಿಲ್ಲ. ಏನು ತೆಗೆದುಕೊಳ್ಳುತ್ತೀರಿ, ಯಾತಕ್ಕೆ ಅಂತ ಮೊದಲೇ ತಿಳಿಸಿರಬೇಕು. ಆ ಕೆಲಸಕ್ಕೆ ಮಾತ್ರ ಒಪ್ಪಿಗೆ ಇರಬೇಕು. ಬೇರೆ ಯಾವುದಕ್ಕೋ ಒಪ್ಪಿದರಷ್ಟೇ ಇದು ಸಿಗುತ್ತದೆ ಅನ್ನುವಂತಿಲ್ಲ.

ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ, ನಿಮ್ಮ ಪ್ರಕರಣಕ್ಕೆ ತೀರಾ ಹತ್ತಿರದ್ದು. ಫೋನಿನಲ್ಲೇ ಡಾಕ್ಟರ್ ತೋರಿಸುವ ಆ್ಯಪ್ ಒಂದು, ಚಿಕಿತ್ಸೆಗೆ ಬೇಕಾದ ಮಾಹಿತಿಯ ಜೊತೆಗೆ ಕಾಂಟ್ಯಾಕ್ಟ್ ಲಿಸ್ಟನ್ನೂ ಕೇಳುತ್ತದೆ. ಆ್ಯಪ್ ಬಳಸುವ ಹೆಂಗಸು ಎರಡಕ್ಕೂ ಹೂಂ ಅನ್ನುತ್ತಾಳೆ. ಆದರೂ ಆ ಒಪ್ಪಿಗೆ ಚಿಕಿತ್ಸೆಯ ಮಟ್ಟಿಗೆ ಮಾತ್ರ ನಿಲ್ಲುತ್ತದೆ ಅಂತ ಕಾಯ್ದೆ ಹೇಳುತ್ತದೆ, ಯಾಕಂದರೆ ಚಿಕಿತ್ಸೆಗೆ ಕಾಂಟ್ಯಾಕ್ಟ್ ಲಿಸ್ಟ್ ಬೇಕಿಲ್ಲ. ಹೂಂ ಅಂದಿದ್ದಾಳೆ ಅನ್ನುವುದು ಗೊತ್ತಿದ್ದೂ ಹೀಗೆ ಹೇಳಿದೆ, ಅದನ್ನು ಗಮನಿಸಿ. ಸಾಲದ ಪತ್ರದ ಸಹಿಯ ಲೆಕ್ಕ ಇಲ್ಲಿ ಪೂರ್ತಿ ನಡೆಯುವುದಿಲ್ಲ.

ಕೊಲ್ಹಾರದ_ಮೊಸರು

ಹಾಗಾದರೆ 2027ರವರೆಗೆ ಲೂಟಿ ಮಾಡಿಕೊಳ್ಳಿ ಅಂತಾನಾ ಅಕ್ಕಾ?

ಸುಮಂಗಲಾ_ಬೆಳಗಾವಿ

ಪೂರ್ತಿ ಹಾಗಿಲ್ಲ. 2011ರ ನಿಯಮಗಳು ಇನ್ನೂ ಇವೆ, ಐಟಿ ಕಾಯ್ದೆಯ 43ಎ ಕಲಮಿನ ಕೆಳಗಿನವು. ಆರೋಗ್ಯದ ದಾಖಲೆ ಅದರಲ್ಲಿ ಸೂಕ್ಷ್ಮ ಮಾಹಿತಿ. ಅದನ್ನು ಪಡೆಯುವ ಮೊದಲು ಕಂಪನಿ ಯಾತಕ್ಕೆ ಅಂತ ಹೇಳಿ ಲಿಖಿತ ಒಪ್ಪಿಗೆ ಪಡೆಯಬೇಕು. ಯಾತಕ್ಕೆ ಪಡೆದರೋ ಅದಕ್ಕೇ ಬಳಸಬೇಕು. ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಲು ಬಿಡಬೇಕು. ದೂರು ಕೇಳುವ ಅಧಿಕಾರಿ ಒಬ್ಬರು ಇರಬೇಕು, ಅವರು ಒಂದು ತಿಂಗಳೊಳಗೆ ಬಗೆಹರಿಸಬೇಕು. ವೆಬ್‌ಸೈಟಿನ ತಳದಲ್ಲಿ Grievance Officer ಅಂತ ಹುಡುಕಿ, ಹೆಸರು, ಇಮೇಲ್ ಸಿಗುತ್ತದೆ.

ಆದರೆ ಆ ನಿಯಮದಲ್ಲೊಂದು ಸಂದು ಇದೆ. ಮಾಹಿತಿ ಬೇರೆಯವರಿಗೆ ಕೊಡುವುದಕ್ಕೆ ಮುಂಚೆ ಅನುಮತಿ ಬೇಕು, ಕರಾರಿನಲ್ಲೇ ಒಪ್ಪಿದ್ದರೆ ಬೇಕಿಲ್ಲ. ಕಂಪನಿಗಳು ನೇತಾಡುವುದು ಇದೇ ಕೊಂಬೆಗೆ. ಅದಕ್ಕೇ ಆ ಲಿಂಕಿನಲ್ಲಿ ನಿಜವಾಗಿ ಏನು ಬರೆದಿದೆ ಅನ್ನುವುದು ಮುಖ್ಯ. ಬಸು ಅವರೇ, ಅದನ್ನು ತೆರೆದು ನೋಡಿದಿರಾ?

ಬಸು_ವಿಜಯಪುರ

ಈಗ ನೋಡಿದೆ ಅಕ್ಕಾ. ಉದ್ದಕ್ಕೆ ಉದ್ದ ಇಂಗ್ಲಿಷ್. ನಡುವೆ ಒಂದು ಕಡೆ, "ನಿಮ್ಮ ಮಾಹಿತಿಯನ್ನು ಸೇವೆ ಒದಗಿಸಲು, ಸೇವೆ ಸುಧಾರಿಸಲು, ಮತ್ತು ನಿಮಗೆ ಉಪಯೋಗವಾಗಬಹುದಾದ ಕೊಡುಗೆಗಳಿಗಾಗಿ ನಮ್ಮ ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು" ಅನ್ನುವ ಅರ್ಥದ ಸಾಲು ಇದೆ. ಪಾಲುದಾರರು ಯಾರು ಅಂತ ಎಲ್ಲೂ ಇಲ್ಲ.

ಸುಮಂಗಲಾ_ಬೆಳಗಾವಿ

ಇಂಥ ಸಾಲುಗಳನ್ನು ನಾನು ದಿನಾ ನೋಡುತ್ತೇನೆ. ಮೂರು ಬೇರೆ ಬೇರೆ ಉದ್ದೇಶವನ್ನು ಒಂದೇ ವಾಕ್ಯದಲ್ಲಿ ತುರುಕಿದ್ದಾರೆ. ರಕ್ತ ಪರೀಕ್ಷಿಸಿ ರಿಪೋರ್ಟ್ ಕೊಡುವುದು ಮೊದಲನೆಯದು. ಅದಕ್ಕೆ ಹೆಸರು, ವಯಸ್ಸು, ಗುಳಿಗೆ, ನಂಬರ್ ಎಲ್ಲ ಬೇಕು, ತಕರಾರಿಲ್ಲ. "ಸೇವೆ ಸುಧಾರಿಸಲು" ಅನ್ನುವುದರಲ್ಲಿ ಏನನ್ನು ಬೇಕಾದರೂ ಹಾಕಬಹುದು. ಮೂರನೆಯದು ಮಾರಾಟ. ರಿಪೋರ್ಟ್ ಕೊಡಲು ಇನ್ಶೂರೆನ್ಸ್ ಮಾರುವವನ ಅಗತ್ಯ ಇಲ್ಲವೇ ಇಲ್ಲ.

ಯಾವ ಆ್ಯಪ್‌ನಲ್ಲೇ ಆಗಲಿ, ನಾನು ಮಾಡುವ ಪರೀಕ್ಷೆ ಒಂದೇ. ಈ ಮಾಹಿತಿ ಕೊಡದಿದ್ದರೆ ನಾನು ಕೇಳಿದ ಕೆಲಸ ನಿಲ್ಲುತ್ತದೆಯಾ? ಸ್ಯಾಂಪಲ್ ಒಯ್ಯುವವನಿಗೆ ಮನೆಯ ಲೊಕೇಶನ್ ಬೇಕು, ಸರಿ. ಅವನು ಹೋದ ಮೇಲೂ ಅದೇ ಲೊಕೇಶನ್ ಹಗಲು ರಾತ್ರಿ ಯಾಕೆ? ಮಾಹಿತಿ ಅದೇ, ಕೆಲಸ ಮಾತ್ರ ಮುಗಿದಿದೆ.

ಕೋಡರ್_ಬಾಗಲಕೋಟೆ

ಒಂದು ಅನುಮಾನ. "ದೇವಿ" ಅನ್ನುವ ಸುಳಿವು ಚೆನ್ನಾಗಿದೆ, ಆದರೆ ಕಂಪನಿಯೇ ಮಾರಿದೆ ಅನ್ನಲು ಅದು ಸಾಲದು. ಸೋರುವ ಜಾಗ ಬಹಳ ಇವೆ. ಹುಡುಗ ಬೇರೆ ಏಜೆನ್ಸಿಯವನಿರಬಹುದು, ಅವನ ಮೊಬೈಲ್‌ನಲ್ಲೇ ಪಟ್ಟಿ ಉಳಿದಿರಬಹುದು. ಪರೀಕ್ಷೆ ಮಾಡಿದ ಲ್ಯಾಬ್ ಬೇರೆಯೇ ಇರಬಹುದು. ಆ್ಯಪ್‌ನೊಳಗೆ ಜಾಹೀರಾತಿನವರ ಕೋಡ್ ತುಣುಕುಗಳೂ ಇರುತ್ತವೆ. ಅವು ಹೆಸರು ಕಳಿಸುವುದು ಅಪರೂಪ, ನೀವು ಯಾವ ಪುಟ ನೋಡಿದಿರಿ ಅನ್ನುವುದನ್ನೇ ಜಾಸ್ತಿ ಕಳಿಸುತ್ತವೆ. ಹೆಸರು ಸಮೇತ ಹೋಗಿದೆ ಅಂದರೆ ನನಗೆ ಎಕ್ಸೆಲ್ ಫೈಲ್ ವಾಸನೆ ಬರುತ್ತಿದೆ. ಯಾರೋ ಪಟ್ಟಿ ಇಳಿಸಿಕೊಟ್ಟಿದ್ದಾರೆ.

ಲ್ಯಾಬ್_ಜಮಖಂಡಿ

ನಾನು ಸಣ್ಣ ಲ್ಯಾಬ್ ನಡೆಸುತ್ತೇನೆ. ಎಲ್ಲರೂ ಲ್ಯಾಬಿನವರನ್ನೇ ಬೈಯುತ್ತೀರಿ, ನಮ್ಮ ಕಡೆಯದೂ ಕೇಳಿ. ದೊಡ್ಡ ಆ್ಯಪ್‌ನವರು ನಮಗೆ ಸ್ಯಾಂಪಲ್ ಕಳಿಸುತ್ತಾರೆ. ಬಾರ್‌ಕೋಡ್, ವಯಸ್ಸು, ಗಂಡೋ ಹೆಣ್ಣೋ, ಇಷ್ಟು ಬಂದರೆ ನಮಗೆ ಸಾಕು. ಆದರೂ ಅವರ ಶೀಟಿನಲ್ಲಿ ರೋಗಿಯ ಫೋನ್ ನಂಬರೂ ಇರುತ್ತದೆ. ನಾವು ಕೇಳಿದ್ದಲ್ಲ.

ನಮ್ಮಲ್ಲೇ ನೇರವಾಗಿ ಬರುವವರ ನಂಬರನ್ನು ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತೇವೆ, ರಿಪೋರ್ಟ್ ವಾಟ್ಸಾಪ್ ಮಾಡಲು. ಹಬ್ಬಕ್ಕೆ ಆ ನಂಬರಿಗೆಲ್ಲ "ಫುಲ್ ಬಾಡಿ ಚೆಕಪ್ ರಿಯಾಯಿತಿ" ಅಂತ ಕಳಿಸುತ್ತೇವೆ. ನಮ್ಮದೇ ಗಿರಾಕಿಗಳು, ಹೊರಗಿನವರಿಗೆ ಕೊಟ್ಟಿಲ್ಲ. ಅದೂ ತಪ್ಪಾ?

ಸುಮಂಗಲಾ_ಬೆಳಗಾವಿ

ಸರ್, ಹೊಸ ಕಾಯ್ದೆಯ ಪ್ರಕಾರ ಅದೂ ಬೇರೆ ಉದ್ದೇಶವೇ. ಅಲ್ಲಿ ಇನ್ನೊಂದು ಉದಾಹರಣೆ ಔಷಧ ಅಂಗಡಿಯದು. ಗಿರಾಕಿ ತಾನಾಗಿಯೇ ನಂಬರ್ ಕೊಟ್ಟು ರಸೀದಿ ಕಳಿಸಿ ಅನ್ನುತ್ತಾಳೆ. ರಸೀದಿ ಕಳಿಸಲು ಅಂಗಡಿಯವನು ಆ ನಂಬರ್ ಬಳಸಬಹುದು. ರಿಪೋರ್ಟಿಗೆ ಕೊಟ್ಟ ನಂಬರಿಗೆ ರಿಯಾಯಿತಿಯ ಮೆಸೇಜ್ ಹೋಗಬೇಕಾದರೆ ಬೇರೆಯಾಗಿ ಕೇಳಬೇಕು. ಹೊರಗೆ ಮಾರದಿರುವುದು ಒಳ್ಳೆಯದೇ, ಆದರೆ ಪ್ರಶ್ನೆ ಯಾರು ಬಳಸಿದರು ಅನ್ನುವುದಷ್ಟೇ ಅಲ್ಲ.

ಮಾಡುವುದು ಕಷ್ಟವಿಲ್ಲ. ರಿಜಿಸ್ಟರ್‌ನಲ್ಲಿ ಇನ್ನೊಂದು ಕಾಲಂ ಎಳೆಯಿರಿ, "ರಿಯಾಯಿತಿ ಮೆಸೇಜ್ ಬೇಕೇ?" ಅಂತ. ಬೇಡ ಅಂದವರಿಗೂ ರಿಪೋರ್ಟ್ ಅದೇ ಹೊತ್ತಿಗೆ ಹೋಗಬೇಕು. ಆ್ಯಪ್‌ನವರಿಗೆ ಹೇಳಿ ಶೀಟಿನಿಂದ ಫೋನ್ ಕಾಲಂ ತೆಗೆಸಿ. ಇಲ್ಲದ ನಂಬರ್ ನಿಮ್ಮಿಂದ ಸೋರುವುದಿಲ್ಲ.

ಲ್ಯಾಬ್_ಜಮಖಂಡಿ

ಕಾಲಂ ಎಳೆಯಬಹುದು. ಕೌಂಟರಿನಲ್ಲಿ ಮುಂಜಾನೆ ಏಳಕ್ಕೆ ಉಪವಾಸ ಬಂದು ನಿಂತವರಿಗೆ ಇದನ್ನೆಲ್ಲ ಕೇಳುತ್ತ ಕೂತರೆ ನನ್ನನ್ನೇ ಹೊಡೆಯುತ್ತಾರೆ ಮೇಡಂ. ನೋಡೋಣ. ಇನ್ನೊಂದು, ಯಾರಾದರೂ ಬಂದು ನನ್ನದೆಲ್ಲ ಅಳಿಸಿ ಅಂದರೆ? ಹೊಟ್ಟೆಯಲ್ಲಿರುವ ಕೂಸಿನ ಸ್ಕ್ಯಾನಿಂಗ್ ದಾಖಲೆ ಎರಡು ವರ್ಷ ಇಡಲೇಬೇಕು, ಭ್ರೂಣದ ಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ನಿಯಮ.

ಸುಮಂಗಲಾ_ಬೆಳಗಾವಿ

ಬೇರೆ ಕಾನೂನು ಇಡು ಅಂದಿದ್ದನ್ನು ಇಡಬೇಕು, ಅಳಿಸುವ ಹಕ್ಕು ಅದನ್ನು ಮೀರುವುದಿಲ್ಲ. ಆದರೆ ದಾಖಲೆ ಇಡಬೇಕು ಅನ್ನುವುದನ್ನೇ ತೋರಿಸಿ ಮಾರ್ಕೆಟಿಂಗ್ ಪಟ್ಟಿಯಲ್ಲೂ ಇಡುವಂತಿಲ್ಲ.

ಟಿಕೋಟಾ_ತೋಟ

ನನ್ನ ಔಷಧಿ ಅಂಗಡಿಯದು ಏನಾಯ್ತು? ಜಾಹೀರಾತಿನ ಕರೆ ಬೇಡ ಅಂತ ಡಿಎನ್‌ಡಿ ಹಾಕಿಸಿದರೂ ಫೋನ್ ಬರುತ್ತಿವೆ.

ಕೋಡರ್_ಬಾಗಲಕೋಟೆ

ಕಾಕಾ, ಕರೆ 140ರಿಂದ ಶುರುವಾಗುವ ನಂಬರಿನದಾ, ನಮ್ಮ ನಿಮ್ಮ ಹಾಗೆ ಹತ್ತು ಅಂಕಿಯ ಸಾದಾ ನಂಬರಾ?

ಟಿಕೋಟಾ_ತೋಟ

ಸಾದಾ ನಂಬರ್. ಒಂದನ್ನು ಬ್ಲಾಕ್ ಮಾಡಿದರೆ ಇನ್ನೊಂದರಿಂದ.

ಕೋಡರ್_ಬಾಗಲಕೋಟೆ

ಹಾಗಾದರೆ ನೋಂದಣಿ ಇಲ್ಲದೆ ಮಾಡುವವರು. ಜಾಹೀರಾತಿನ ಕರೆ 140ರ ಸಾಲಿನಿಂದ ಬರಬೇಕು. ಬ್ಲಾಕ್ ಮಾಡುವ ಮೊದಲು 1909ಕ್ಕೆ ದೂರು ಕೊಡಿ, ಇಲ್ಲ ಟೆಲಿಕಾಂ ನಿಯಂತ್ರಕ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಹಾಕಿಕೊಳ್ಳಿ. ಕರೆ ಬಂದ ಏಳು ದಿನದೊಳಗೆ ಕೊಡಬೇಕು, ಮೊದಲು ಮೂರೇ ದಿನ ಇತ್ತು. ನಂಬರ್, ತಾರೀಖು, ಏನು ಮಾರಲು ಬಂದಿದ್ದರು ಅನ್ನುವುದು ಸಾಕು. ಆದರೆ ಇದು ಕರೆ ಮಾಡಿದವನ ಮೇಲಿನ ದೂರು. ನಿಮ್ಮ ನಂಬರನ್ನು ಅವನಿಗೆ ಕೊಟ್ಟವನು ಹಾಗೇ ಉಳಿಯುತ್ತಾನೆ.

ಸುಮಂಗಲಾ_ಬೆಳಗಾವಿ

ಸರಿಯಾಗಿ ಹೇಳಿದಿರಿ. ಇನ್ನೊಂದು ಸೇರಿಸುತ್ತೇನೆ. ಯಾವುದಾದರೂ ಕಂಪನಿಗೆ ನೀವೇ ಸ್ಪಷ್ಟ ಒಪ್ಪಿಗೆ ಕೊಟ್ಟಿದ್ದರೆ, ಡಿಎನ್‌ಡಿ ಇದ್ದರೂ ಅವರು ಕರೆ ಮಾಡಬಹುದು. ಹಾಗಾಗಿ ಮೂಲದ ಒಪ್ಪಿಗೆಯನ್ನೇ ಹಿಂದಕ್ಕೆ ತೆಗೆದುಕೊಳ್ಳಬೇಕು.

ಬಸು ಅವರೇ, ನಿಮ್ಮ ಕೆಲಸಕ್ಕೆ ಬರೋಣ. ಸಿಟ್ಟಿನಲ್ಲಿ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಬೇಡಿ. ಅದರಿಂದ ಸರ್ವರ್‌ನಲ್ಲಿರುವುದು ಒಂದಕ್ಷರವೂ ಹೋಗುವುದಿಲ್ಲ, ನಿಮ್ಮ ಕೈಯಲ್ಲಿದ್ದ ಪುರಾವೆ ಮಾತ್ರ ಹೋಗುತ್ತದೆ. ಮೊದಲು ಒಟಿಪಿ ಎಸ್ಸೆಮ್ಮೆಸ್, ಷರತ್ತಿನ ಆ ಸಾಲು, "ದೇವಿ" ಅಂತಿರುವ ರಿಪೋರ್ಟಿನ ತಲೆಭಾಗ, ಕರೆ ಬಂದ ನಂಬರುಗಳು, ಇವುಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಷರತ್ತನ್ನು ಅವರು ನಾಳೆ ಬದಲಿಸಬಹುದು. ಆಮೇಲೆ ದೂರು ಅಧಿಕಾರಿಗೆ ಇಮೇಲ್ ಮಾಡಿ, ಕಸ್ಟಮರ್ ಕೇರ್ ಜೊತೆ ಬಾಯಿಮಾತು ಇನ್ನು ಬೇಡ. ಹೀಗೆ ಬರೆಯಬಹುದು:

"ಇಂಥ ತಾರೀಖು ಇಂಥ ಬುಕಿಂಗ್‌ನಲ್ಲಿ ನನ್ನ ತಾಯಿಯ ಮಾಹಿತಿಯನ್ನು ರಕ್ತ ಪರೀಕ್ಷೆ ಮತ್ತು ರಿಪೋರ್ಟಿಗಾಗಿ ಮಾತ್ರ ಕೊಟ್ಟಿದ್ದೇವೆ. ಅವರ ಯಾವ ಯಾವ ಮಾಹಿತಿ ನಿಮ್ಮಲ್ಲಿದೆ, ಯಾವ ಯಾವ ಸಂಸ್ಥೆಗೆ, ಯಾವ ದಿನ ಕೊಟ್ಟಿದ್ದೀರಿ, ಹೆಸರು ಸಮೇತ ತಿಳಿಸಿ. ಜಾಹೀರಾತು ಮತ್ತು ಪಾಲುದಾರರೊಂದಿಗೆ ಹಂಚಿಕೆಗೆ ಒಪ್ಪಿಗೆ ಇದೆ ಎಂದು ನೀವು ಭಾವಿಸಿದ್ದರೆ ಅದನ್ನು ಇಂದೇ ಹಿಂಪಡೆಯುತ್ತೇವೆ. ಪಡೆದವರಿಗೂ ಅಳಿಸಲು ತಿಳಿಸಿ."

"ಭಾವಿಸಿದ್ದರೆ" ಅನ್ನುವುದನ್ನು ಬಿಡಬೇಡಿ. ಒಪ್ಪಿಗೆ ಕೊಟ್ಟಿದ್ದೆ ಅಂತ ನೀವೇ ಬರೆದುಕೊಟ್ಟ ಹಾಗೆ ಆಗಬಾರದು. ಕೆಳಗೆ ಅವ್ವನ ಸಹಿ ಇರಲಿ.

ಬಸು_ವಿಜಯಪುರ

ಅವ್ವನ ಸಹಿ ಯಾಕೆ ಅಕ್ಕಾ? ಬುಕ್ ಮಾಡಿದ್ದು ನಾನು, ನಂಬರ್ ನನ್ನದು, ಒಟಿಪಿ ಹೇಳಿದ್ದೂ ನಾನೇ.

ಸುಮಂಗಲಾ_ಬೆಳಗಾವಿ

ಅದೇ ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲದ ಅಂಶ. ರಕ್ತ ಅವ್ವನದು, ಸಕ್ಕರೆಯ ಲೆಕ್ಕ ಅವ್ವನದು. ಆ ಮಾಹಿತಿಯ ಒಡತಿ ಅವರು. ಹದಿನೆಂಟರ ಒಳಗಿನ ಮಕ್ಕಳ ಪರವಾಗಿ ತಂದೆತಾಯಿ ಒಪ್ಪಬಹುದು ಅಂತ ಕಾಯ್ದೆ ಹೇಳುತ್ತದೆ. ಬುದ್ಧಿ ನೆಟ್ಟಗಿರುವ ಎಪ್ಪತ್ತರ ತಾಯಿಯ ಪರವಾಗಿ ಮಗ ಒಪ್ಪಬಹುದು ಅಂತ ಎಲ್ಲೂ ಹೇಳಿಲ್ಲ. ಹಾಗಾದರೆ ನೀವು ಹೇಳಿದ ಒಟಿಪಿ ಅವರ ಒಪ್ಪಿಗೆ ಹೇಗಾಯಿತು ಅಂತ ಕಂಪನಿಯನ್ನು ಕೇಳಬಹುದು.

ಕೊಲ್ಹಾರದ_ಮೊಸರು

ಅಕ್ಕಾ, ಇದು ಅತಿಯಾಯಿತು. ನಮ್ಮ ಕಡೆ ಮುದುಕರ ಎಲ್ಲ ಕೆಲಸ ಮಕ್ಕಳೇ ಮಾಡುವುದು. ಪಿಂಚಣಿ, ಗ್ಯಾಸ್ ಬುಕಿಂಗ್, ಎಲ್ಲದಕ್ಕೂ ಮಗನ ನಂಬರೇ. ಪ್ರತಿಯೊಂದಕ್ಕೂ ಅವ್ವನ ಒಪ್ಪಿಗೆ ಪತ್ರ ತಾ ಅಂದರೆ ಮನೆಗೆ ರಕ್ತ ತೆಗೆಯಲು ಯಾರೂ ಬರುವುದಿಲ್ಲ.

ಸುಮಂಗಲಾ_ಬೆಳಗಾವಿ

ಪರೀಕ್ಷೆಗೆ ಅವ್ವ ಕೈ ಚಾಚಿದ್ದಾರೆ, ಮಗನಿಗೆ ಬುಕ್ ಮಾಡು ಅಂದಿದ್ದಾರೆ. ಅಷ್ಟರ ಮಟ್ಟಿಗೆ ನಾನೂ ಒಪ್ಪುತ್ತೇನೆ. ಇನ್ಶೂರೆನ್ಸ್‌ನವರಿಗೆ ಹೇಳು ಅಂದಿಲ್ಲವಲ್ಲ. ಆದರೆ ಮಕ್ಕಳ ನಂಬರಿನಲ್ಲಿ ನಡೆಯುವ ಹಿರಿಯರ ವ್ಯವಹಾರವನ್ನು ಮಂಡಳಿ ಹೇಗೆ ನೋಡುತ್ತದೆ ಅನ್ನುವುದು ಮೊದಲ ಕೆಲವು ಆದೇಶ ಬರುವವರೆಗೆ ತೀರ್ಮಾನವಾಗದ ಮಾತು. ನಿಮ್ಮ ವಾದಕ್ಕೂ ಬಲ ಇದೆ.

ಬಸು_ವಿಜಯಪುರ

ಅಪ್‌ಡೇಟ್. ಇಮೇಲ್‌ಗೆ ಉತ್ತರ ಬಂದಿದೆ. "ಮಾರ್ಕೆಟಿಂಗ್ ಪಟ್ಟಿಯಿಂದ ನಿಮ್ಮ ನಂಬರ್ ತೆಗೆದಿದ್ದೇವೆ" ಅಂತ ಬರೆದಿದ್ದಾರೆ. ಯಾರಿಗೆ ಕೊಟ್ಟಿರಿ ಅನ್ನುವುದಕ್ಕೆ "ನಮ್ಮ ನೀತಿಯಲ್ಲಿ ತಿಳಿಸಿರುವ ಪಾಲುದಾರರು" ಅಂತ ಅಷ್ಟೇ. ಫೋನ್ ಕಡಿಮೆಯಾಗಿವೆ, ಪೂರ್ತಿ ನಿಂತಿಲ್ಲ. ಜೊತೆಗೆ ಒಂದು ಲಿಂಕ್ ಕಳಿಸಿದ್ದಾರೆ, ಒತ್ತಿದರೆ ಖಾತೆ ಪೂರ್ತಿ ಅಳಿಸುತ್ತಾರಂತೆ. ಒತ್ತಲಾ?

ಸುಮಂಗಲಾ_ಬೆಳಗಾವಿ

ಪಟ್ಟಿಯಿಂದ ತೆಗೆದೆವು ಅಂದರೆ ಪಟ್ಟಿಯಲ್ಲಿ ಇತ್ತು ಅಂತ ಅವರೇ ಬರೆದುಕೊಟ್ಟಂತೆ. ಆ ಇಮೇಲ್ ಜೋಪಾನ. ಪಾಲುದಾರರ ಹೆಸರು ಕೇಳಿ ಇನ್ನೊಮ್ಮೆ ಬರೆಯಿರಿ. ಈಗ ಹೆಸರು ಕೊಡಲೇಬೇಕು ಅನ್ನುವ ಬಲವಾದ ನಿಯಮ ನಿಮ್ಮ ಕೈಯಲ್ಲಿಲ್ಲ. 2027ರ ಮೇ ನಂತರ ಇರುತ್ತದೆ, ಆಗ ಇದೇ ಪ್ರಶ್ನೆ ಮತ್ತೆ ಕೇಳಬಹುದು. ಆಗಲೂ ಮೊದಲಿಗೆ ಕಂಪನಿಗೆ ದೂರು ಕೊಟ್ಟು, ಅವರು ಬಗೆಹರಿಸದಿದ್ದರೆ ಮಾತ್ರ ಮಂಡಳಿಗೆ ಹೋಗಬೇಕು.

ಲಿಂಕ್ ಈಗಲೇ ಒತ್ತಬೇಡಿ. ಅವ್ವನ ಹಳೆಯ ಎಚ್‌ಬಿಎ1ಸಿ ರಿಪೋರ್ಟ್‌ಗಳು ಅದೇ ಆ್ಯಪ್‌ನಲ್ಲಿ ಇವೆಯಾ?

ಬಸು_ವಿಜಯಪುರ

ಎಲ್ಲ ಅದರಲ್ಲೇ ಇವೆ. ಡಾಕ್ಟರ್ ಪ್ರತಿ ಸಲ ಹಿಂದಿನದು ತೋರಿಸಿ ಅನ್ನುತ್ತಾರೆ.

ಸುಮಂಗಲಾ_ಬೆಳಗಾವಿ

ಮೊದಲು ಒಂದೊಂದಾಗಿ ಪಿಡಿಎಫ್ ಇಳಿಸಿಕೊಳ್ಳಿ, ತೆರೆಯುತ್ತದೆಯೋ ಇಲ್ಲವೋ ನೋಡಿ, ಪ್ರಿಂಟ್ ತೆಗೆಸಿ ಫೈಲಿಗೆ ಹಾಕಿ. ಪಾಲುದಾರರ ಬಗ್ಗೆ ಉತ್ತರ ಬರಲಿ, ಆಮೇಲೆ ಒತ್ತುವಿರಂತೆ.

ಲ್ಯಾಬ್_ಜಮಖಂಡಿ

ಹೆಸರನ್ನೂ ಸರಿ ಮಾಡಿಸಿ. ನಾಳೆ ಆಸ್ಪತ್ರೆಯಲ್ಲಿ ಶಿವಗಂಗವ್ವ ಬೇರೆ, ಶಿವಗಂಗಾ ದೇವಿ ಬೇರೆ ಅಂತ ಕ್ಲೇಮ್ ನಿಲ್ಲಿಸುತ್ತಾರೆ.

ಬಸು_ವಿಜಯಪುರ

ಹೌದ್ರಿ. ಸ್ಕ್ರೀನ್‌ಶಾಟ್ ಆಗಲೇ ತೆಗೆದಿದ್ದೇನೆ, ಹೆಸರು ತಿದ್ದಲು ಇವತ್ತೇ ಬರೆಯುತ್ತೇನೆ.